ಬಾಡಿಗೆದಾರರಿರುವ ಫ್ಲ್ಯಾಟ್: ಈಗ ಮಾರುವುದೋ, ಕಾಯುವುದೋ?

ಬಾಡಿಗೆಗೆ ಕೊಟ್ಟಿರುವ ಫ್ಲ್ಯಾಟನ್ನು ಈಗಲೇ ಮಾರಬೇಕೋ, ಇನ್ನೂ ಕೆಲವು ವರ್ಷ ಇಟ್ಟುಕೊಳ್ಳಬೇಕೋ ಎಂಬ ಪ್ರಶ್ನೆಯನ್ನು ಬೆಂಗಳೂರಿನ ಹೆಚ್ಚಿನ ಮಾಲೀಕರು ‘ಬೆಲೆ ಇನ್ನೂ ಏರುತ್ತದೆಯೇ’ ಎಂಬ ಬೇರೊಂದು ಪ್ರಶ್ನೆಯಾಗಿ ಮಾರ್ಪಡಿಸಿಕೊಂಡು, ಅದಕ್ಕೆ ಉತ್ತರ ಸಿಗದೆ ವರ್ಷಗಳನ್ನು ಕಳೆಯುತ್ತಾರೆ. ಮುಂದಿನ ಬೆಲೆಯನ್ನು ಖಚಿತವಾಗಿ ಹೇಳಬಲ್ಲವರು ಯಾರೂ ಇಲ್ಲ. ಆದರೆ ಲೆಕ್ಕ ಹಾಕಿ ತಿಳಿಯಬಹುದಾದ ಒಂದು ಸಂಖ್ಯೆ ಇದೆ: ಕಾದದ್ದರಿಂದ ನಷ್ಟವಾಗದಿರಬೇಕಾದರೆ ಫ್ಲ್ಯಾಟಿನ ಬೆಲೆ ವರ್ಷಕ್ಕೆ ಕನಿಷ್ಠ ಎಷ್ಟು ಏರಬೇಕು ಎಂಬುದು. ಇದನ್ನು ‘ಸರಿದೂಗುವ ಏರಿಕೆ’ ಎಂದು ಕರೆಯಬಹುದು. ಈ ಸಂಖ್ಯೆ ಕೈಯಲ್ಲಿದ್ದರೆ ಬೆಲೆಯ ಬಗೆಗಿನ ಊಹೆಯನ್ನು ಅದರ ಪಕ್ಕದಲ್ಲಿಟ್ಟು ನೋಡಲು ಸಾಧ್ಯವಾಗುತ್ತದೆ. ಅದಿಲ್ಲದಿದ್ದರೆ ಊಹೆ ಬರೀ ಊಹೆಯಾಗಿಯೇ ಉಳಿಯುತ್ತದೆ.

ಈ ಸಂಖ್ಯೆ ಹುಟ್ಟುವ ಬಗೆಯನ್ನು ತಿಳಿಯಲು ಕಲ್ಪಿತವಾದರೂ ಬೆಂಗಳೂರಿನಲ್ಲಿ ತೀರಾ ಸಾಮಾನ್ಯವಾದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಎರಡು ಕೋಣೆಗಳ ಒಂದು ಫ್ಲ್ಯಾಟನ್ನು 2015ರ ಮಧ್ಯದಲ್ಲಿ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕಗಳೂ ಸೇರಿ 52 ಲಕ್ಷ ರೂಪಾಯಿಗೆ ಕೊಳ್ಳಲಾಗಿದೆ. 2025-26ರಲ್ಲಿ ಅದಕ್ಕೆ 95 ಲಕ್ಷ ಕೊಡುವವರಿದ್ದಾರೆ. ತಿಂಗಳಿಗೆ 28,000 ರೂಪಾಯಿ ಬಾಡಿಗೆ ಬರುತ್ತಿದೆ. ಅದರ ಮೇಲೆ ಸಾಲವಿಲ್ಲ. ಮಾಲೀಕ ಶೇ 30ರ ತೆರಿಗೆ ಹಂತದಲ್ಲಿದ್ದಾನೆ.

ಮೊದಲು ಗಮನಿಸಬೇಕಾದದ್ದು, ಮಾಲೀಕನ ಕೈಯಲ್ಲಿರುವ ಬಂಡವಾಳ 95 ಲಕ್ಷವಲ್ಲ ಎಂಬುದನ್ನು. ಬ್ರೋಕರ್‌ಗೆ ಶೇ 1 ಕೊಟ್ಟರೆ 94.05 ಲಕ್ಷ ಉಳಿಯುತ್ತದೆ, ಅದರ ಮೇಲೆ ಬಂಡವಾಳ ಲಾಭ ತೆರಿಗೆ ಬೀಳುತ್ತದೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಮನೆಯನ್ನು ಮಾರಿದಾಗ ಬರುವ ಲಾಭವು ದೀರ್ಘಾವಧಿ ಲಾಭವೆನಿಸುತ್ತದೆ. 2024ರ ಜುಲೈ 23ರಿಂದ ಇದರ ತೆರಿಗೆ ದರ ಶೇ 12.5 ಆಗಿದೆಯಾದರೂ, ಆ ದಿನಕ್ಕಿಂತ ಮೊದಲು ಕೊಂಡ ಸ್ವತ್ತಿನ ಮಟ್ಟಿಗೆ ಭಾರತದ ನಿವಾಸಿಗಳಿಗೆ ಹಳೆಯ ದಾರಿಯೂ ತೆರೆದಿದೆ. ಅಂದರೆ ಕೊಂಡ ಬೆಲೆಯನ್ನು ಹಣದುಬ್ಬರದ ಸೂಚ್ಯಂಕಕ್ಕೆ ತಕ್ಕಂತೆ ಹಿಗ್ಗಿಸಿ, ಉಳಿದ ಲಾಭದ ಮೇಲೆ ಶೇ 20 ಲೆಕ್ಕ ಹಾಕಿ, ಎರಡರಲ್ಲಿ ಕಡಿಮೆಯಾದುದನ್ನು ಕಟ್ಟಿದರೆ ಸಾಕು. 2015-16ರ ಸೂಚ್ಯಂಕ 254, 2025-26ರದ್ದು 376. ಆದ್ದರಿಂದ 52 ಲಕ್ಷವು ಸುಮಾರು 77 ಲಕ್ಷಕ್ಕೆ ಹಿಗ್ಗುತ್ತದೆ, ಲಾಭ 17 ಲಕ್ಷಕ್ಕೆ ಕುಗ್ಗುತ್ತದೆ, ಸೆಸ್ ಸೇರಿ ತೆರಿಗೆ ಸುಮಾರು 3.55 ಲಕ್ಷವಾಗುತ್ತದೆ. ಹೊಸ ದಾರಿಯಲ್ಲಿ ಹೋಗಿದ್ದರೆ ಇದು 5.47 ಲಕ್ಷವಾಗುತ್ತಿತ್ತು. ಒಟ್ಟು ಆದಾಯ 50 ಲಕ್ಷ ದಾಟಿದರೆ ಬೀಳುವ ಸರ್‌ಚಾರ್ಜನ್ನು ಇಲ್ಲಿ ಹಿಡಿದಿಲ್ಲ. ಹೀಗೆ ಮಾರಿದ ಮರುದಿನ ಮಾಲೀಕನ ಬಳಿ ಉಳಿಯುವುದು 90.5 ಲಕ್ಷ, ಮತ್ತು ಕಾಯುವುದೆಂದರೆ ಈ 90.5 ಲಕ್ಷವನ್ನು ಅದೇ ಫ್ಲ್ಯಾಟಿನಲ್ಲಿ ಮತ್ತೆ ಹೂಡಿದಂತೆ.

ವಿದೇಶದಲ್ಲಿ ನೆಲೆಸಿರುವ ಕನ್ನಡಿಗರ ಲೆಕ್ಕ ಇಲ್ಲಿ ಬೇರೆಯಾಗುತ್ತದೆ. ಅನಿವಾಸಿಗಳಿಗೆ ಸೂಚ್ಯಂಕದ ಹಳೆಯ ದಾರಿಯಿಲ್ಲ. ಜೊತೆಗೆ, ನಿವಾಸಿ ಮಾರಿದಾಗ ಕೊಳ್ಳುವವನು ಮೂಲದಲ್ಲೇ ಕಡಿತ ಮಾಡಿಕೊಳ್ಳುವ ತೆರಿಗೆ ಶೇ 1 ಮಾತ್ರವಾದರೆ, ಅನಿವಾಸಿ ಮಾರುವಾಗ ಮುಂಚಿತವಾಗಿ ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ಪಡೆಯದಿದ್ದರೆ, ವ್ಯವಹಾರದಲ್ಲಿ ಪೂರ್ತಿ ಬೆಲೆಯ ಮೇಲೆಯೇ ಕಡಿತವಾಗಿ 12 ಲಕ್ಷಕ್ಕೂ ಮೀರಿದ ಹಣ ರಿಟರ್ನ್ ಸಲ್ಲಿಸುವವರೆಗೆ ಸಿಕ್ಕಿಕೊಳ್ಳುತ್ತದೆ.

ಇನ್ನು ಬಾಡಿಗೆ. ವರ್ಷಕ್ಕೆ 3.36 ಲಕ್ಷ ಬಾಡಿಗೆ ಬರುತ್ತದೆ ಎಂದು ಮಾಲೀಕ ಭಾವಿಸುತ್ತಾನೆ, ಆದರೆ ಅಷ್ಟು ಅವನ ಕೈಯಲ್ಲಿ ನಿಲ್ಲುವುದಿಲ್ಲ. ಅಪಾರ್ಟ್‌ಮೆಂಟಿನ ಮಾಸಿಕ ನಿರ್ವಹಣಾ ಶುಲ್ಕವನ್ನು ಬಾಡಿಗೆದಾರರೇ ಕೊಡುತ್ತಾರೆ ಎಂದಿಟ್ಟುಕೊಂಡರೂ, ಎರಡು ವರ್ಷಕ್ಕೊಮ್ಮೆ ಬಾಡಿಗೆದಾರರು ಬದಲಾದಾಗ ಒಂದು ತಿಂಗಳು ಮನೆ ಖಾಲಿ ಬೀಳುತ್ತದೆ, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಹೋಗುತ್ತದೆ, ಬಣ್ಣ ಬಳಿಸಬೇಕಾಗುತ್ತದೆ. ಅದರ ನಡುವೆ ಗೀಸರ್ ಕೆಡುತ್ತದೆ, ಸ್ನಾನದ ಮನೆಯಿಂದ ಕೆಳಗಿನ ಮನೆಯ ಚಾವಣಿಗೆ ನೀರು ಜಿನುಗುತ್ತದೆ, ಆಸ್ತಿ ತೆರಿಗೆ ಪ್ರತಿವರ್ಷ ಕಟ್ಟಬೇಕಾಗುತ್ತದೆ. ಇವೆಲ್ಲವನ್ನೂ ವರ್ಷಗಳ ಮೇಲೆ ಹಂಚಿ 76,000 ರೂಪಾಯಿ ಎಂದು ಹಿಡಿದರೆ ಉಳಿಯುವುದು 2.6 ಲಕ್ಷ. ಆದಾಯ ತೆರಿಗೆ ಲೆಕ್ಕ ಹಾಕುವಾಗ ಬಾಡಿಗೆಯಿಂದ, ಕಟ್ಟಿದ ಆಸ್ತಿ ತೆರಿಗೆಯನ್ನೂ, ಉಳಿದುದರಲ್ಲಿ ದುರಸ್ತಿ ಇತ್ಯಾದಿಗಳಿಗೆಂದು ಶೇ 30ನ್ನೂ ಕಳೆಯಲು ಅವಕಾಶವಿದೆ. ಹಾಗೆ ಕಳೆದ ಮೇಲೂ ತೆರಿಗೆ ಸುಮಾರು 68,000 ಆಗುತ್ತದೆ. ಕೊನೆಗೆ ಮಾಲೀಕನ ಪಾಲಿಗೆ ದಕ್ಕುವುದು 1.92 ಲಕ್ಷ, ಅಂದರೆ 90.5 ಲಕ್ಷದ ಮೇಲೆ ಶೇ 2.1 ಮಾತ್ರ.

ಈ ಎರಡು ಸಂಖ್ಯೆಗಳಿಂದ ಮುಂದಿನದು ಹೊಮ್ಮುತ್ತದೆ. ಮಾರಿ ಬಂದ 90.5 ಲಕ್ಷವನ್ನು ಶೇ 6.5ರ ಬಡ್ಡಿಯ ನಿಶ್ಚಿತ ಠೇವಣಿಯಲ್ಲಿ ಇಟ್ಟರೆ, ಬಡ್ಡಿಯ ಮೇಲಿನ ತೆರಿಗೆ ಕಳೆದು ಸುಮಾರು ಶೇ 4.5 ಉಳಿಯುತ್ತದೆ, ಮೂರು ವರ್ಷದಲ್ಲಿ ಮೊತ್ತ 103 ಲಕ್ಷ ದಾಟುತ್ತದೆ. ಮೂರು ವರ್ಷ ಕಾದವನಿಗೆ ಬಾಡಿಗೆ ವರ್ಷಕ್ಕೆ ಶೇ 5ರಂತೆ ಏರಿದರೆ, ಅದನ್ನೂ ಠೇವಣಿಯಲ್ಲಿಟ್ಟು ಬಂದ ಬಡ್ಡಿ ಸೇರಿ, ಒಟ್ಟು 6.3 ಲಕ್ಷ ಸೇರುತ್ತದೆ. ಉಳಿದ ಸುಮಾರು 97 ಲಕ್ಷ ಅವನಿಗೆ ಮಾರಾಟದಿಂದ, ಬ್ರೋಕರ್ ಮತ್ತು ತೆರಿಗೆ ಕಳೆದು, ಬರಬೇಕು. ಹಣದುಬ್ಬರದ ಸೂಚ್ಯಂಕವೂ ವರ್ಷಕ್ಕೆ ಶೇ 4ರಷ್ಟು ಏರುತ್ತಾ ಹೋದರೆ, ಅದಕ್ಕೆ ಫ್ಲ್ಯಾಟ್ ಸುಮಾರು 100.5 ಲಕ್ಷಕ್ಕೆ ಮಾರಾಟವಾದರೆ ಸಾಕು. ವರ್ಷಕ್ಕೆ ಶೇ 2ರಷ್ಟೂ ಬೇಕಿಲ್ಲದ ಏರಿಕೆ ಇದು. ಠೇವಣಿಗೆ ಹೋಲಿಸಿದರೆ ಕಾಯುವವನು ಸೋಲುವುದು ಬೆಲೆ ಬಹುಮಟ್ಟಿಗೆ ನಿಂತಲ್ಲೇ ನಿಂತಾಗ ಮಾತ್ರ.

ಆದರೆ ಅದೇ ಮಾಲೀಕನಿಗೆ ತಾನು ವಾಸವಿರುವ ಮನೆಯ ಮೇಲೆ ಶೇ 8.5ರ ದೊಡ್ಡ ಸಾಲವಿದ್ದು, ಫ್ಲ್ಯಾಟ್ ಮಾರಿದ ಹಣದಿಂದ ಅದನ್ನು ತೀರಿಸುವಂತಿದ್ದರೆ, ಅದೇ 90.5 ಲಕ್ಷವು ಮೂರು ವರ್ಷದಲ್ಲಿ 115 ಲಕ್ಷಕ್ಕೂ ಮೀರಿದ ಭಾರವನ್ನು ಇಳಿಸುತ್ತದೆ. ಉಳಿತಾಯವಾದ ಬಡ್ಡಿಯ ಮೇಲೆ ತೆರಿಗೆ ಇಲ್ಲ. ಆಗ ಕಾಯುವುದು ಸರಿದೂಗಬೇಕಾದರೆ ಫ್ಲ್ಯಾಟ್ ಮೂರು ವರ್ಷದ ನಂತರ 116 ಲಕ್ಷಕ್ಕೆ ಮಾರಾಟವಾಗಬೇಕು, ಅಂದರೆ ವರ್ಷಕ್ಕೆ ಸುಮಾರು ಶೇ 7ರ ಏರಿಕೆ ಬೇಕು. ಫ್ಲ್ಯಾಟ್ ಅದೇ, ಬಾಡಿಗೆದಾರರು ಅವರೇ, ಬೀದಿಯೂ ಅದೇ; ಹಣ ಎಲ್ಲಿಗೆ ಹೋಗುತ್ತದೆ ಎಂಬುದೊಂದು ಬದಲಾದಾಗ ದಾಟಬೇಕಾದ ಮಟ್ಟ ಶೇ 2ರಿಂದ ಶೇ 7ಕ್ಕೆ ಏರಿತು. ‘ಮಾರಿದ ಹಣ ಏನಾಗುತ್ತದೆ’ ಎಂಬುದನ್ನು ಮೊದಲು ತೀರ್ಮಾನಿಸದೆ ಮಾರುಕಟ್ಟೆಯ ಸುದ್ದಿಗಳನ್ನು ಓದುವುದರಿಂದ ಪ್ರಯೋಜನವಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಮಾರಿ ಇನ್ನೊಂದು ಫ್ಲ್ಯಾಟ್ ಕೊಳ್ಳುವ ಯೋಚನೆಯಿದ್ದರೆ ಲೆಕ್ಕ ಮತ್ತೊಂದು ಬಗೆ. ಮಾರುವುದಕ್ಕೆ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ ಲಾಭದ ಮೇಲಿನ ತೆರಿಗೆಗೆ ವಿನಾಯಿತಿ ಸಿಗುತ್ತದೆ ಎಂಬುದನ್ನು ಎಲ್ಲರೂ ಬಲ್ಲರು. ಆದರೆ ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದ ಮೇಲೆ, ಮುದ್ರಾಂಕ ಶುಲ್ಕವೂ ಸೇರಿ ಕೊಳ್ಳುವವನು ತೆರುವುದು ಸುಮಾರು ಶೇ 7.6, ಅಂದರೆ 95 ಲಕ್ಷದ ಮನೆಗೆ ಏಳು ಲಕ್ಷಕ್ಕೂ ಹೆಚ್ಚು. 3.55 ಲಕ್ಷದ ತೆರಿಗೆ ಉಳಿಸಲು ಅದರ ಇಮ್ಮಡಿ ಖರ್ಚು ಮಾಡುವ ಈ ಬದಲಾವಣೆಗೆ ತೆರಿಗೆಯಲ್ಲದ ಬಲವಾದ ಕಾರಣವೇ ಬೇಕು.

ಈಗ ಬೆಲೆಯ ಏರಿಕೆಯ ಮಾತಿಗೆ ಬರಬಹುದು. ಜಾಹೀರಾತುಗಳಲ್ಲಿಯೂ ವರದಿಗಳಲ್ಲಿಯೂ ಕಾಣುವ ಏರಿಕೆ ಬಹುಮಟ್ಟಿಗೆ ಹೊಸದಾಗಿ ಕಟ್ಟುತ್ತಿರುವ ಯೋಜನೆಗಳದ್ದು, ಆದರೆ ಮಾಲೀಕನ ಕೈಯಲ್ಲಿರುವುದು ಹಳೆಯದಾಗುತ್ತಿರುವ ಮನೆ. ಫ್ಲ್ಯಾಟಿನ ಬೆಲೆಯಲ್ಲಿ ಎರಡು ಭಾಗಗಳಿವೆ: ಕಟ್ಟಡ ಮತ್ತು ಭೂಮಿಯಲ್ಲಿನ ಅವಿಭಜಿತ ಪಾಲು, ಅಂದರೆ ಇಡೀ ನಿವೇಶನದಲ್ಲಿ ಆ ಫ್ಲ್ಯಾಟಿಗೆ ಸೇರಿದ, ಬೇರ್ಪಡಿಸಲಾಗದ ಚದರಡಿಗಳು. ಕಾಲ ಕಳೆದಂತೆ ಭೂಮಿಯ ಬೆಲೆ ಏರುತ್ತದೆ, ಕಟ್ಟಡದ ಬೆಲೆ ಇಳಿಯುತ್ತದೆ. ನಾಲ್ಕು ಮಹಡಿಯ ಚಿಕ್ಕ ಅಪಾರ್ಟ್‌ಮೆಂಟಿನಲ್ಲಿ ಸಾವಿರದ ನೂರು ಚದರಡಿಯ ಮನೆಗೆ ಐನೂರು ಚದರಡಿ ಭೂಮಿ ಬಂದಿದ್ದರೆ, ಇಪ್ಪತ್ತು ಮಹಡಿಯ ಗೋಪುರದಲ್ಲಿ ಅಷ್ಟೇ ದೊಡ್ಡ ಮನೆಗೆ ಅದರ ಅರ್ಧವೂ ಸಿಕ್ಕಿರಲಾರದು. ಲಿಫ್ಟ್, ಈಜುಕೊಳಗಳಿಂದಾಗಿ ಮೊದಲ ಹತ್ತು ವರ್ಷ ಗೋಪುರದ ಬೆಲೆ ಚೆನ್ನಾಗಿ ಏರಿದರೂ, ಅವು ಹಳತಾಗಿ ನಿರ್ವಹಣಾ ಶುಲ್ಕ ಏರತೊಡಗಿದ ಮೇಲೆ ಏರಿಕೆ ಮಂದವಾಗುತ್ತದೆ. ಪಾಲಿನ ಪ್ರಮಾಣ ಕ್ರಯಪತ್ರದ ಷೆಡ್ಯೂಲಿನಲ್ಲಿಯೇ ಬರೆದಿರುತ್ತದೆಯಾದರೂ ಅದನ್ನು ಓದಿ ನೋಡಿದ ಮಾಲೀಕರು ಕಡಿಮೆ.

ತನ್ನ ಫ್ಲ್ಯಾಟಿನ ಏರಿಕೆಯನ್ನು ಅಳೆಯಲು ಇರುವ ನಂಬಬಹುದಾದ ದಾರಿ, ಅದೇ ಅಪಾರ್ಟ್‌ಮೆಂಟಿನಲ್ಲಿ ಹಿಂದಿನ ಎರಡು ಮೂರು ವರ್ಷಗಳಲ್ಲಿ ನಿಜವಾಗಿ ಮಾರಾಟವಾದ ಮನೆಗಳ ಬೆಲೆಯನ್ನು ತಿಳಿಯುವುದು. ಆಸ್ತಿ ಮಾರಾಟದ ಜಾಲತಾಣಗಳಲ್ಲಿ ಇರುವುದು ಮಾರುವವರು ಕೇಳುವ ಬೆಲೆ. ಆರು ತಿಂಗಳಿನಿಂದ ಮಾರಾಟವಾಗದೆ ಉಳಿದ ಮನೆಯೂ ಅಲ್ಲಿ ಅದೇ ಬೆಲೆಯಲ್ಲಿ ನಿಂತಿರುತ್ತದೆ. ನಿವಾಸಿಗಳ ಸಂಘದ ಕಾರ್ಯದರ್ಶಿಗೆ ಯಾವ ಮನೆ ಎಷ್ಟಕ್ಕೆ ಹೋಯಿತು ಎಂಬುದು ಸಾಮಾನ್ಯವಾಗಿ ತಿಳಿದಿರುತ್ತದೆ. ಕಾಯುವುದಕ್ಕೆ ಅರ್ಥ ಬರುವುದು ಮುಂದೆ ನಡೆಯಲಿರುವ, ಹೆಸರಿಸಬಹುದಾದ ಘಟನೆಯೊಂದು ಇರುವಾಗ. ಬಿ ಖಾತೆಯಿಂದಾಗಿ ಬ್ಯಾಂಕ್ ಸಾಲ ಸಿಗದೆ ಕೊಳ್ಳುವವರು ಹಿಂದೆ ಸರಿಯುತ್ತಿರುವಲ್ಲಿ ಖಾತೆ ಸರಿಯಾಗುವುದು, 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರ್ ನೀರಿಗೆ ಬಿದ್ದಿದ್ದ ಹೊರವಲಯದ ಅಪಾರ್ಟ್‌ಮೆಂಟಿಗೆ ಕಾವೇರಿ ಐದನೇ ಹಂತದ ಸಂಪರ್ಕ ಬರುವುದು, ಇಂಥವು ಕೊಳ್ಳುವವರ ಸಂಖ್ಯೆಯನ್ನೇ ಬದಲಿಸುತ್ತವೆ. ಮೆಟ್ರೊ ಹಾಗಲ್ಲ, ಅದರ ಬೆಲೆಯ ದೊಡ್ಡ ಭಾಗವನ್ನು ಕಂಬಗಳು ಏಳುವಾಗಲೇ ಮಾರುಕಟ್ಟೆ ಸೇರಿಸಿಕೊಂಡಿರುತ್ತದೆ, ರೈಲು ಓಡುವ ದಿನಕ್ಕಾಗಿ ಕಾದವನಿಗೆ ಸಿಗುವುದು ಸ್ವಲ್ಪ.

ಇಷ್ಟೆಲ್ಲ ಲೆಕ್ಕದ ನಂತರ ಉಳಿಯುವುದು ಬಾಡಿಗೆದಾರರ ವಿಷಯ, ಮತ್ತು ಈಗ ಅಥವಾ ನಂತರ ಎಂಬುದನ್ನು ವ್ಯವಹಾರದಲ್ಲಿ ನಿರ್ಧರಿಸುವುದು ಬಹಳ ಸಲ ಇದೇ. ಬಾಡಿಗೆದಾರರಿದ್ದರೂ ಮಾಲೀಕ ಫ್ಲ್ಯಾಟನ್ನು ಮಾರಬಹುದು. ಅದಕ್ಕೆ ಅವರ ಒಪ್ಪಿಗೆ ಬೇಕಿಲ್ಲ. ಆದರೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 109ನೇ ಕಲಮಿನ ಪ್ರಕಾರ ಕೊಂಡವನು ಹಳೆಯ ಮಾಲೀಕನ ಸ್ಥಾನದಲ್ಲಿ ಬಂದು ನಿಲ್ಲುತ್ತಾನೆ, ಬಾಡಿಗೆ ಕರಾರು ಮುಂದುವರಿಯುತ್ತದೆ. ಮನೆಯಲ್ಲಿ ಬೇರೊಬ್ಬರು ವಾಸವಿದ್ದಾರೆ ಎಂಬುದು ‘ನನಗೆ ತಿಳಿದಿರಲಿಲ್ಲ’ ಎಂದು ಕೊಂಡವನು ಹೇಳುವಂತಿಲ್ಲ, ಏಕೆಂದರೆ ಕಣ್ಣೆದುರಿನ ಸ್ವಾಧೀನವನ್ನೇ ಕಾನೂನು ತಿಳಿವಳಿಕೆ ಎಂದು ಪರಿಗಣಿಸುತ್ತದೆ. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ 1999ರ ಕರ್ನಾಟಕ ಬಾಡಿಗೆ ಕಾಯಿದೆಯ ರಕ್ಷಣೆ ಇಲ್ಲದ್ದರಿಂದ, ಇಂದಿನ ಬಹುತೇಕ ಎಲ್ಲ ಫ್ಲ್ಯಾಟುಗಳಿಗೂ ಅನ್ವಯವಾಗುವುದು ಕರಾರಿನ ಷರತ್ತುಗಳು ಮತ್ತು ಈ 1882ರ ಕಾಯಿದೆ. ಹನ್ನೊಂದು ತಿಂಗಳ ಕರಾರು ಮುಗಿದು ಹೊಸದು ಬರೆಯದೆ ಬಾಡಿಗೆ ಮುಂದುವರಿದಿದ್ದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ 15 ದಿನಗಳ ನೋಟಿಸಿನಿಂದ ಅದನ್ನು ಮುಗಿಸಬಹುದು. ಕರಾರು ಇನ್ನೂ ಚಾಲ್ತಿಯಲ್ಲಿದ್ದು, ಮಧ್ಯದಲ್ಲಿ ಬಿಡಿಸುವ ಷರತ್ತು ಇಲ್ಲದಿದ್ದರೆ ಅವಧಿ ಮುಗಿಯುವವರೆಗೆ ಕಾಯಲೇಬೇಕು.

ನೋಟಿಸು ಕೊಟ್ಟ ಮೇಲೆ ಆಗುವ ಒಂದು ತಪ್ಪು ತೀರಾ ಚಿಕ್ಕದಾಗಿ ಕಾಣುತ್ತದೆ. ನೋಟಿಸಿನ ಗಡುವು ಮುಗಿದ ನಂತರದ ತಿಂಗಳ ಬಾಡಿಗೆ ಎಂದಿನಂತೆ ಐದನೇ ತಾರೀಕಿಗೆ ಮಾಲೀಕನ ಬ್ಯಾಂಕ್ ಖಾತೆಗೆ ಬಂದು ಬೀಳುತ್ತದೆ, ಮಾಲೀಕ ಸುಮ್ಮನಿರುತ್ತಾನೆ. ಗಡುವಿನ ನಂತರದ ಬಾಡಿಗೆಯನ್ನು ಬಾಡಿಗೆಯೆಂದೇ ಸ್ವೀಕರಿಸುವುದನ್ನು, ಕರಾರು ಇನ್ನೂ ನಡೆಯುತ್ತಿದೆ ಎಂದು ಮಾಲೀಕ ಒಪ್ಪಿಕೊಂಡುದರ ಗುರುತಾಗಿ ವಾದಿಸಲು ಅದೇ ಕಾಯಿದೆಯ 113ನೇ ಕಲಂ ಅವಕಾಶ ಕೊಡುತ್ತದೆ. ಆದ್ದರಿಂದ ಆ ಹಣವನ್ನು ಮನೆ ಬಳಸಿಕೊಂಡ ಪರಿಹಾರವೆಂದು ಮಾತ್ರ, ನೋಟಿಸಿಗೆ ಧಕ್ಕೆಯಾಗದಂತೆ ಪಡೆಯಲಾಗಿದೆ ಎಂದು ಅಂದೇ ಲಿಖಿತವಾಗಿ ತಿಳಿಸಬೇಕಾಗುತ್ತದೆ. ವ್ಯಾಜ್ಯ ನ್ಯಾಯಾಲಯಕ್ಕೆ ಹೋದರೆ ತೀರಲು ವರ್ಷಗಳು ಬೇಕಾಗುವುದರಿಂದ, ಒಳ್ಳೆಯ ಮಾತಿನಲ್ಲಿ ಮುಗಿಯುವ ಬಾಡಿಗೆಯ ಬೆಲೆ ದೊಡ್ಡದು.

ಬಾಡಿಗೆದಾರರ ಸಮೇತ ಮಾರುವುದೋ, ಖಾಲಿ ಮಾಡಿಸಿ ಮಾರುವುದೋ ಎಂಬುದು ಕೊಳ್ಳುವವರು ಯಾರು ಎಂಬುದನ್ನು ಅವಲಂಬಿಸಿದೆ. ಎರಡು ಕೋಣೆಯ ಫ್ಲ್ಯಾಟನ್ನು ಕೊಳ್ಳಲು ಬರುವವರಲ್ಲಿ ಹೆಚ್ಚಿನವರು ಗೃಹಸಾಲ ಪಡೆದು ತಾವೇ ವಾಸಿಸಲು ಬಯಸುವ ಕುಟುಂಬಗಳು. ಅವರು ಭಾನುವಾರ ಬೆಳಿಗ್ಗೆ ಮನೆ ನೋಡಲು ಬಂದಾಗ ಅಡುಗೆಮನೆಯ ಕಟ್ಟೆಯ ಮೇಲೆ ಬೇರೆಯವರ ಪಾತ್ರೆಗಳು, ಬಾಲ್ಕನಿಯಲ್ಲಿ ಒಗೆದು ಹಾಕಿದ ಬಟ್ಟೆಗಳು, ಮುಚ್ಚಿದ ಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿರುವ ಮಗು ಇರುತ್ತವೆ. ನೋಡಲು ಬಂದವರು ಸಂಕೋಚದಿಂದ ಹತ್ತು ನಿಮಿಷದಲ್ಲಿ ಹೊರಡುತ್ತಾರೆ, ಮತ್ತೆ ಫೋನ್ ಮಾಡುವುದಿಲ್ಲ. ಬಾಡಿಗೆದಾರರಿರುವ ಮನೆಯನ್ನೇ ಇಷ್ಟಪಡುವ ಹೂಡಿಕೆದಾರರೂ ಇದ್ದಾರೆ, ಆದರೆ ಅವರು ಬಾಡಿಗೆಯ ಲೆಕ್ಕದಿಂದ ಬೆಲೆ ಕಟ್ಟುತ್ತಾರೆ, ಹಾಗಾಗಿ ಚೌಕಾಸಿ ಬಿರುಸಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಬೆಲೆ ಶೇ 4ರಷ್ಟು ಇಳಿದರೂ 3.8 ಲಕ್ಷ ಹೋಗುತ್ತದೆ. ಮೂರು ತಿಂಗಳು ಖಾಲಿ ಇಟ್ಟು, ಬಣ್ಣ ಬಳಿಸಿ, ನೀರಿನ ಜಿನುಗನ್ನು ಸರಿಪಡಿಸಿ ಮಾರಿದರೆ ಆಗುವ ಖರ್ಚು ಒಂದೂವರೆ ಲಕ್ಷದ ಒಳಗೇ ಇರುತ್ತದೆ.

ಬಾಡಿಗೆದಾರರ ಸಮೇತವೇ ಮಾರುವುದಾದರೆ ಅಡ್ವಾನ್ಸ್ ಹಣದ ವಿಷಯವನ್ನು ಬರವಣಿಗೆಯಲ್ಲಿ ಬಗೆಹರಿಸಿಕೊಳ್ಳಬೇಕು. ಅಡ್ವಾನ್ಸನ್ನು ಹೊಸ ಮಾಲೀಕನಿಗೆ ವರ್ಗಾಯಿಸಲಾಗಿದೆ, ಇನ್ನು ಮುಂದೆ ಬಾಡಿಗೆಯೂ ಅವನಿಗೇ ಸಲ್ಲಬೇಕು ಎಂಬ ಪತ್ರಕ್ಕೆ ಮೂವರೂ ಸಹಿ ಹಾಕದಿದ್ದರೆ, ಎರಡು ವರ್ಷದ ನಂತರ ಬಾಡಿಗೆದಾರರು ಹಣಕ್ಕಾಗಿ ಇಬ್ಬರ ಬಾಗಿಲನ್ನೂ ಅಲೆಯಬೇಕಾಗುತ್ತದೆ, ಅದು ಅವರಿಗೆ ಮಾಡುವ ಅನ್ಯಾಯ. ಬಾಡಿಗೆಯಿಲ್ಲದೆ ಹತ್ತಾರು ಲಕ್ಷ ಪಡೆದು ಭೋಗ್ಯಕ್ಕೆ, ಅಂದರೆ ಬೆಂಗಳೂರಿನ ಆಡುಮಾತಿನಲ್ಲಿ ‘ಲೀಸ್’ಗೆ ಕೊಟ್ಟ ಮನೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು: ಆ ಹಣ ಖರ್ಚಾಗಿಹೋಗಿದ್ದರೆ ಮನೆ ಬಿಡಿಸಿಕೊಳ್ಳುವ ದಾರಿ ಕೊಳ್ಳುವವನ ಮುಂಗಡವೊಂದೇ ಆಗುತ್ತದೆ, ಕೊಳ್ಳುವವನು ಹಿಂದೆ ಸರಿದರೆ ಎಲ್ಲವೂ ನಿಲ್ಲುತ್ತದೆ.

ಖಾಲಿ ಸ್ವಾಧೀನ ಕೊಡುವುದಾಗಿ ಕ್ರಯದ ಕರಾರಿಗೆ ಸಹಿ ಹಾಕಿ ಮುಂಗಡ ಪಡೆದ ಮೇಲೆ ಬಾಡಿಗೆದಾರರಿಗೆ ಸುದ್ದಿ ಮುಟ್ಟಿಸುವುದು ಈ ವ್ಯವಹಾರದ ಅತ್ಯಂತ ದುಬಾರಿ ತಪ್ಪು. ಬಾಡಿಗೆದಾರರು ಮಕ್ಕಳ ಶಾಲೆಯ ವರ್ಷ ಮುಗಿಯುವವರೆಗೆ ಸಮಯ ಕೇಳಿದರೆ ಕೊಳ್ಳುವವನ ಗಡುವು ತಪ್ಪುತ್ತದೆ, ಅವನ ಸಾಲದ ಮಂಜೂರಾತಿಯ ಅವಧಿ ಮೀರುತ್ತದೆ, ಮುಂಗಡವನ್ನು ದಂಡ ಸಮೇತ ಹಿಂದಿರುಗಿಸಬೇಕಾಗಬಹುದು. ಮೊದಲು ಬಾಡಿಗೆದಾರರಿಂದ ಮನೆ ಬಿಡುವ ತಾರೀಕನ್ನು ಲಿಖಿತವಾಗಿ ಪಡೆದು, ಆ ತಾರೀಕಿನ ನಂತರಕ್ಕೆ ನೋಂದಣಿಯನ್ನು ಇಟ್ಟುಕೊಂಡರೆ ಈ ತೊಂದರೆ ಬರುವುದಿಲ್ಲ. ಮಾರುವ ಯೋಚನೆ ಇರುವ ವರ್ಷದಲ್ಲಿ ಬಾಡಿಗೆಯನ್ನು ಎರಡು ಸಾವಿರ ಏರಿಸಲು ಹಟ ಹಿಡಿಯುವುದೂ ತರವಲ್ಲ. ಅದರಿಂದ ತೆರಿಗೆ ಕಳೆದು ವರ್ಷಕ್ಕೆ ಸಿಗುವುದು 19,000 ರೂಪಾಯಿಗಿಂತ ಕಡಿಮೆ, ಅಂದರೆ ಫ್ಲ್ಯಾಟಿನ ಬೆಲೆಯ ಶೇ 1ರ ಐದನೇ ಒಂದು ಭಾಗ ಮಾತ್ರ. ಹೇಳಿದ ದಿನ ಕೀಲಿ ಒಪ್ಪಿಸುವ ಬಾಡಿಗೆದಾರರ ಸಹಕಾರ ಅದಕ್ಕಿಂತ ಎಷ್ಟೋ ಪಾಲು ಬೆಲೆಬಾಳುತ್ತದೆ.

ಹಾಗಾದರೆ ಉದಾಹರಣೆಯ ಮಾಲೀಕ ಏನು ಮಾಡಬೇಕು? ಮಾರಿದ ಹಣ ಠೇವಣಿಯಲ್ಲಿ ಕೂರುವುದಾದರೆ ಅವನು ಮಾರಬೇಕಿಲ್ಲ. ಶೇ 8.5ರ ಸಾಲ ತೀರಿಸುವುದಾದರೆ, ಮತ್ತು ತನ್ನ ಅಪಾರ್ಟ್‌ಮೆಂಟಿನಲ್ಲಿ ಈಚೆಗೆ ನಡೆದ ಮಾರಾಟಗಳು ವರ್ಷಕ್ಕೆ ಶೇ 7ರ ಏರಿಕೆಯನ್ನು ತೋರಿಸದಿದ್ದರೆ, ಅವನು ಮಾರಬೇಕು. ಆದರೆ ನಾಳೆಯಲ್ಲ, ಬಾಡಿಗೆ ಕರಾರು ಮುಗಿದ ಮೇಲೆ. ಕರಾರು ಮಾರ್ಚ್ 31ಕ್ಕೆ ಮುಗಿಯುವುದಾದರೆ ಡಿಸೆಂಬರ್ ಕೊನೆಯಲ್ಲಿ ಬಾಡಿಗೆದಾರರಿಗೆ ಪತ್ರ ಹೋಗಬೇಕು, ಜನವರಿಯಲ್ಲಿ ಇ-ಖಾತಾ ಮತ್ತು ಋಣಭಾರ ಪ್ರಮಾಣಪತ್ರ ಸಿದ್ಧವಾಗಬೇಕು, ಏಪ್ರಿಲ್‌ನಲ್ಲಿ ಮನೆಗೆ ಬಣ್ಣ ಬೀಳಬೇಕು.